ಹಲ್ಲು ಕೀಳಿಸಿದ ಮೇಲೆ: ಆ ಕುಳಿಯಲ್ಲಿನ ಹೆಪ್ಪನ್ನು ಕಾಪಾಡಿ



ಹೃದಯದ ಡಾಕ್ಟರು ಹಲ್ಲಿನ ವಿಷಯ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಸರಳ. ಸ್ಟೆಂಟ್ ಹಾಕಿಸಿಕೊಂಡವರು, ಕೃತಕ ಕವಾಟ ಇರುವವರು, ಪಾರ್ಶ್ವವಾಯು ಆಗಿದ್ದವರು ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿರುತ್ತಾರೆ. ಅಂಥವರು ಹಲ್ಲು ಕೀಳಿಸಿಕೊಂಡ ದಿನ ರಾತ್ರಿ ಫೋನ್ ಬರುವುದು ಹಲ್ಲಿನ ಡಾಕ್ಟರಿಗಲ್ಲ, ನನಗೆ. ಕಳೆದ ವರ್ಷ ಪುಣೆಯಲ್ಲಿ ಬಂದ ಅಂಥ ಒಂದು ಫೋನಿನ ಕಥೆ ಹೇಳುತ್ತಾ ಹೋಗುತ್ತೇನೆ. ಮಾತ್ರೆ ತಿನ್ನುವವರಿಗೂ ತಿನ್ನದವರಿಗೂ ಆರೈಕೆಯ ಕ್ರಮ ಹೆಚ್ಚುಕಡಿಮೆ ಒಂದೇ.

ಹುಬ್ಬಳ್ಳಿ ಕಡೆಯ ಹಿರಿಯರು, ವಯಸ್ಸು 67. ಮಗ ಸೊಸೆಯ ಜೊತೆ ಪುಣೆಯಲ್ಲಿದ್ದಾರೆ. ಎಂಟು ತಿಂಗಳ ಹಿಂದೆ ಸ್ಟೆಂಟ್ ಆಗಿತ್ತು. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡೂ ನಡೆಯುತ್ತಿದ್ದವು. ಕೆಳಗಿನ ದವಡೆಯ ಹಲ್ಲು ಕೀವಾಗಿ, ಕೀಳದೆ ದಾರಿಯಿಲ್ಲ ಎಂಬ ಸ್ಥಿತಿ ಬಂತು.

*ಮಾತ್ರೆ ನಿಲ್ಲಿಸಬೇಕೆ?*

ಪಕ್ಕದ ಮನೆಯವರು "ಐದು ದಿನ ಮೊದಲೇ ರಕ್ತದ ಮಾತ್ರೆ ಬಿಟ್ಟುಬಿಡಿ, ಇಲ್ಲದಿದ್ದರೆ ರಕ್ತ ನಿಲ್ಲುವುದಿಲ್ಲ" ಎಂದಿದ್ದರು. ಪುಣ್ಯಕ್ಕೆ ಸೊಸೆ ನನ್ನನ್ನು ಕೇಳಿದರು. ಬಿಡಬೇಡಿ ಎಂದೆ.

ಬಾಯಿಯಲ್ಲಿ ರಕ್ತ ಬಂದರೆ ನಾವು ಅದನ್ನು ಕಣ್ಣಿಂದ ನೋಡಬಹುದು, ಬೆರಳಿಂದ ಒತ್ತಿ ಹಿಡಿಯಬಹುದು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಅಲ್ಲಿಗೆ ಯಾರ ಬೆರಳೂ ಹೋಗುವುದಿಲ್ಲ. ಅದು ದೊಡ್ಡ ಹೃದಯಾಘಾತ. ಸ್ಟೆಂಟ್ ಹಾಕಿದ ಮೊದಲ ತಿಂಗಳುಗಳಲ್ಲಿ ಆ ಅಪಾಯ ಹೆಚ್ಚು. ಆದ್ದರಿಂದ ಒಂದೆರಡು ಹಲ್ಲು ಕೀಳಿಸಲು ಸಾಮಾನ್ಯವಾಗಿ ಈ ಮಾತ್ರೆಗಳನ್ನು ನಿಲ್ಲಿಸುವುದಿಲ್ಲ. ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತಿನ್ನುವವರಾದರೆ ಹಿಂದಿನ ದಿನ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಿ, ಅಂಕಿ ನೋಡಿ ಮುಂದುವರಿಯುತ್ತಾರೆ. ಯಾವುದೇ ಮಾತ್ರೆ ಬಿಡಬೇಕೋ ಬೇಡವೋ ಎಂಬುದನ್ನು ಅದನ್ನು ಬರೆದುಕೊಟ್ಟ ಡಾಕ್ಟರು ಹೇಳಬೇಕು. ನೆರೆಯವರೂ ಅಲ್ಲ, ನೀವೂ ಅಲ್ಲ.

ಇನ್ನೊಂದು ಮಾತು. ನಮ್ಮ ಹಿರಿಯರು ಹೊರ ಊರಿನಲ್ಲಿ ಹಿಂದಿ, ಮರಾಠಿ ತಡವರಿಸುತ್ತಾ "ಬಿಪಿ ಗೋಲಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ತಿನ್ನುವ ಮಾತ್ರೆಗಳ ಪಟ್ಟಿಯನ್ನೇ, ಅಂದರೆ ಆ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ಹಲ್ಲಿನ ಡಾಕ್ಟರ ಮೇಜಿನ ಮೇಲಿಡಿ. "ಖೂನ್ ಪತ್ಲಾ ಕರ್ನೇ ಕೀ ದವಾ" ಎಂಬ ಒಂದು ವಾಕ್ಯ ಕಲಿತುಕೊಂಡರೆ ಸಾಕು, ಹಿಂದಿ ತಿಳಿದ ಡಾಕ್ಟರು ಉಳಿದದ್ದನ್ನು ಅವರೇ ಕೇಳುತ್ತಾರೆ. ಹಲ್ಲು ಕೀಳಿಸುವುದನ್ನು ವಾರದ ಆರಂಭದಲ್ಲಿ, ಬೆಳಗಿನ ಹೊತ್ತು ಇಟ್ಟುಕೊಳ್ಳಿ. ಸಂಜೆ ರಕ್ತ ಬಂದರೆ ಅದೇ ಕ್ಲಿನಿಕ್ ತೆರೆದಿರುತ್ತದೆ. ಶನಿವಾರ ಸಂಜೆ ಕೀಳಿಸಿಕೊಂಡರೆ ಭಾನುವಾರ ಬಾಗಿಲು ಬಡಿಯಬೇಕಾಗುತ್ತದೆ.

ಇವರದ್ದು ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಆಯಿತು. ಡಾಕ್ಟರು ಹಲ್ಲು ಕಿತ್ತು, ಕುಳಿಯೊಳಗೆ ರಕ್ತ ನಿಲ್ಲಿಸುವ ಸಣ್ಣ ಸ್ಪಂಜು ಇಟ್ಟು, ಎರಡು ಹೊಲಿಗೆ ಹಾಕಿ, ಕಚ್ಚಿಕೊಳ್ಳಲು ಗಾಜ್ ಬಟ್ಟೆ ಕೊಟ್ಟು ಕಳಿಸಿದರು.

*ರಾತ್ರಿ 9 ಗಂಟೆಯ ಫೋನ್*

"ಡಾಕ್ಟ್ರ, ಮಾವಾರ ಬಾಯಾಗಿಂದ ರಕ್ತ ನಿಲ್ಲವಲ್ದು. ಅರ್ಧ ಮಗ್ ಆಗೇತಿ. ಏನ್ ಮಾಡೂದು?"

ಏನೇನು ಮಾಡಿದಿರಿ ಎಂದು ಕೇಳಿದೆ. ಸಂಜೆ ಸ್ವಲ್ಪ ಕೆಂಪು ಕಂಡಿದೆ. ಬಾಯಿ ಸ್ವಚ್ಛವಾಗಲಿ ಎಂದು ಬೆಚ್ಚನೆಯ ಉಪ್ಪುನೀರಿನಲ್ಲಿ ಮುಕ್ಕಳಿಸಿ ಉಗುಳಿದ್ದಾರೆ. ಇನ್ನಷ್ಟು ಬಂದಿದೆ. ಮತ್ತೆ ಮುಕ್ಕಳಿಸಿದ್ದಾರೆ. ಹತ್ತಿಯುಂಡೆ ಇಟ್ಟು ಐದೈದು ನಿಮಿಷಕ್ಕೆ ತೆಗೆದು ನೋಡಿದ್ದಾರೆ, ಹೊಸದು ಇಟ್ಟಿದ್ದಾರೆ. ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದ್ದಾರೆ, ಆದರೆ ಅವರು ಮಾಡಿದ ಪ್ರತಿಯೊಂದೂ ರಕ್ತ ಹರಿಯಲು ಸಹಾಯ ಮಾಡಿದೆ.

ಹಲ್ಲು ಕಿತ್ತಾಗ ಎಲುಬಿನಲ್ಲಿ ಒಂದು ಕುಳಿ ಉಳಿಯುತ್ತದೆ. ಅದರಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಕುಳಿಯ ಮುಚ್ಚಳ. ಕೆಳಗಿನ ಎಲುಬನ್ನೂ ನರವನ್ನೂ ಮುಚ್ಚುವುದು ಅದೇ, ಮುಂದೆ ಹೊಸ ಮಾಂಸ ಬೆಳೆಯುವುದೂ ಅದರ ಮೇಲೆಯೇ. ಹಾಲಿಗೆ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ನೀವು ಗಳಿಗೆಗೊಮ್ಮೆ ಅಲ್ಲಾಡಿಸಿ ನೋಡುತ್ತೀರಾ? ನೋಡಿದರೆ ಮೊಸರಾಗುವುದಿಲ್ಲ. ಇಲ್ಲಿಯೂ ಅಷ್ಟೇ. ಉಗುಳಿದಾಗ, ಸ್ಟ್ರಾದಲ್ಲಿ ಹೀರಿದಾಗ, ಬೀಡಿ ಎಳೆದಾಗ ಬಾಯಿಯೊಳಗೆ ಎಳೆತ ಉಂಟಾಗಿ ಹೆಪ್ಪು ಸಡಿಲವಾಗುತ್ತದೆ. ಮುಕ್ಕಳಿಸಿದರೆ ತೊಳೆದುಹೋಗುತ್ತದೆ. ಹತ್ತಿ ತೆಗೆದರೆ ಎಳೆಗಳಿಗೆ ಅಂಟಿಕೊಂಡು ಬಂದುಬಿಡುತ್ತದೆ.

ಮನೆಗೆ ಬಂದ ಮೇಲೆ ಸಂಜೆ ರಕ್ತ ಕಾಣುವುದಕ್ಕೆ ಇನ್ನೊಂದು ಕಾರಣವೂ ಇದೆ. ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ರಕ್ತನಾಳವನ್ನು ಸಂಕುಚಿತಗೊಳಿಸುವ ಔಷಧವೂ ಬೆರೆತಿರುತ್ತದೆ. ಅದರ ಪ್ರಭಾವ ಕೆಲವು ಗಂಟೆಗಳಲ್ಲಿ ಇಳಿದಾಗ ನಾಳಗಳು ಮತ್ತೆ ಹಿಗ್ಗಿ ಸ್ವಲ್ಪ ಜಿನುಗುತ್ತದೆ. ಮಾತ್ರೆ ತಿನ್ನುವವರಲ್ಲಿ ಈ ಜಿನುಗು ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ.

"ಅರ್ಧ ಮಗ್" ಎಂಬುದನ್ನೂ ಸ್ವಲ್ಪ ಬಿಡಿಸಿ ನೋಡೋಣ. ಅದರಲ್ಲಿ ಬಹುಪಾಲು ಜೊಲ್ಲು. ಒಂದು ಚಮಚ ರಕ್ತ ಜೊಲ್ಲಿನಲ್ಲಿ ಬೆರೆತರೆ ಇಡೀ ಬಾಯಿ ಕೆಂಪಾಗಿ ಕಾಣುತ್ತದೆ. ಮೊದಲ 24 ಗಂಟೆ ಜೊಲ್ಲು ಗುಲಾಬಿ ಬಣ್ಣದಲ್ಲಿದ್ದರೆ, ಬೆಳಿಗ್ಗೆ ದಿಂಬಿನ ಮೇಲೆ ಕಲೆ ಇದ್ದರೆ ಗಾಬರಿ ಬೇಡ.

*ರಕ್ತ ನಿಲ್ಲಿಸುವ ಕ್ರಮ*

ಫೋನಿನಲ್ಲೇ ಹೀಗೆ ಮಾಡಿಸಿದೆ. ನೀವೂ ಹೀಗೆಯೇ ಮಾಡಬಹುದು.

ಮೊದಲು ಅವರನ್ನು ಕುರ್ಚಿಯಲ್ಲಿ ನೇರವಾಗಿ ಕೂರಿಸಿ. ಮಲಗಿಸಬೇಡಿ. ಕುಳಿಯಿಂದ ಹೊರಗೆ ಯಕೃತ್ತಿನ ತುಂಡಿನಂತೆ ಜೋತಾಡುವ ಕಪ್ಪು ಹೆಪ್ಪು ಇದ್ದರೆ, ಅದನ್ನು ಮಾತ್ರ ಶುಭ್ರ ಬಟ್ಟೆಯಿಂದ ಮೆಲ್ಲನೆ ಒರೆಸಿ ತೆಗೆಯಿರಿ. ಒತ್ತುವ ಬಟ್ಟೆ ಅದರ ಮೇಲೆ ಕೂತರೆ ಒತ್ತಡ ಕುಳಿಗೆ ತಾಗುವುದಿಲ್ಲ. ಕುಳಿಯೊಳಗೆ ಬೆರಳು ಹಾಕಬೇಡಿ.

ಗಾಜ್ ಬಟ್ಟೆಯನ್ನು, ಅದಿಲ್ಲದಿದ್ದರೆ ಒಗೆದ ಹತ್ತಿ ಕರವಸ್ತ್ರವನ್ನು, ಸ್ವಲ್ಪ ಒದ್ದೆ ಮಾಡಿ ದಪ್ಪಗೆ ಮಡಚಿ. ಹತ್ತಿಯುಂಡೆ ಬೇಡ. ಮಡಿಕೆ ಅಕ್ಕಪಕ್ಕದ ಹಲ್ಲುಗಳಿಗಿಂತ ಎತ್ತರವಾಗಿರಬೇಕು. ಇಲ್ಲದಿದ್ದರೆ ಹಲ್ಲು ಹಲ್ಲು ಕೂಡಿಕೊಂಡು, ಕುಳಿಯ ಮೇಲೆ ಒತ್ತಡ ಬೀಳುವುದೇ ಇಲ್ಲ. ಅದನ್ನು ಸರಿಯಾಗಿ ಕುಳಿಯ ಮೇಲಿಟ್ಟು ಗಟ್ಟಿಯಾಗಿ ಕಚ್ಚಲು ಹೇಳಿ. ಮೇಲೆ ಹಲ್ಲಿಲ್ಲದವರಾದರೆ ಬೆರಳಿನಿಂದ ಒತ್ತಿ ಹಿಡಿಯಬೇಕು.

ಈಗ ಗಡಿಯಾರ ನೋಡಿ. ಪೂರ್ತಿ 30 ನಿಮಿಷ. ನಡುವೆ ತೆಗೆದು ನೋಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಜೊಲ್ಲು ಬಂದರೆ ನುಂಗಲಿ, ಇಲ್ಲವೇ ತಾನಾಗಿ ಬಟ್ಟೆಯ ಮೇಲೆ ಇಳಿಯಲಿ. ಕೆನ್ನೆಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು 10 ನಿಮಿಷ ಇಟ್ಟು, 10 ನಿಮಿಷ ಬಿಡಿ.

ಮೊದಲ ಸಲ ನಿಲ್ಲದಿದ್ದರೆ ಇನ್ನೊಮ್ಮೆ 30 ನಿಮಿಷ. ಎರಡನೇ ಸಲ ಗಾಜ್ ಬದಲು ಸಾದಾ ಚಹಾದ ಟೀ ಬ್ಯಾಗನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ತಣ್ಣಗೆ ಮಾಡಿ ಕಚ್ಚಬಹುದು. ಚಹಾದಲ್ಲಿರುವ ಒಗರಿನ ಅಂಶ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. ಅರಿಶಿನ, ಕಾಫಿಪುಡಿ, ನಶ್ಯ ತುಂಬುವುದು ಬೇಡ. ಅವು ಕುಳಿಯಲ್ಲಿ ಕಸವಾಗಿ ಉಳಿಯುತ್ತವೆ.

ಆ ರಾತ್ರಿ 10 ಗಂಟೆ ದಾಟುವಷ್ಟರಲ್ಲಿ ರಕ್ತ ನಿಂತಿತು. ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿಸಿದರು. ಮರುದಿನ ಬೆಳಿಗ್ಗೆ ಎರಡೂ ಹೃದಯದ ಮಾತ್ರೆ ಎಂದಿನಂತೆ ಕೊಟ್ಟರು.

ಎರಡು ಸಲ, ಅಂದರೆ ಒಟ್ಟು ಒಂದು ಗಂಟೆ ಒತ್ತಿದ ಮೇಲೂ ಹರಿಯುತ್ತಿದ್ದರೆ ಮನೆಯಲ್ಲಿ ಕಾಯಬೇಡಿ. ಹಲ್ಲಿನ ಡಾಕ್ಟರ ಹತ್ತಿರ ಅಥವಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬಟ್ಟೆ ಕಚ್ಚಿಕೊಂಡೇ ಹೋಗಿ. ಬಾಯಿ ಪದೇ ಪದೇ ಗಟ್ಟಿ ರಕ್ತದಿಂದ ತುಂಬುತ್ತಿದ್ದರೆ, ತಲೆ ತಿರುಗಿ ಬೆವರಿದರೆ, ಉಸಿರಾಡಲು ಕಷ್ಟವಾದರೆ ಒಂದು ಗಂಟೆಯೂ ಕಾಯದೆ 112ಕ್ಕೆ ಫೋನ್ ಮಾಡಿ.

*ಏನು ತಿನ್ನಬೇಕು?*

ಮರಗಟ್ಟಿದ್ದು ಪೂರ್ತಿ ಬಿಡುವವರೆಗೆ ಏನೂ ಅಗಿಯಬಾರದು. ಸಾಮಾನ್ಯವಾಗಿ 2ರಿಂದ 4 ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ತಿಂದರೆ ತುಟಿ, ಕೆನ್ನೆ, ನಾಲಿಗೆಯನ್ನು ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ಮೊದಲ ದಿನ ಎಲ್ಲವೂ ತಣ್ಣಗೆ ಅಥವಾ ಉಗುರುಬೆಚ್ಚಗೆ ಇರಲಿ. ಕಿವುಚಿದ ಮೊಸರನ್ನ, ಅದಕ್ಕೆ ಒಗ್ಗರಣೆಯ ಸಾಸಿವೆ ಬೇಡ. ಆರಿದ ರಾಗಿ ಗಂಜಿ ಅಥವಾ ಅಂಬಲಿ, ಹಾಲಿನಲ್ಲಿ ನೆನೆಸಿದ ಇಡ್ಲಿ, ಬಾಳೆಹಣ್ಣು, ಮಜ್ಜಿಗೆ, ಬೀಜವಿಲ್ಲದ ಐಸ್‌ಕ್ರೀಂ. ಎಲ್ಲವನ್ನೂ ಲೋಟದಿಂದ ಅಥವಾ ಚಮಚದಿಂದ, ಸ್ಟ್ರಾ ಬೇಡ. ಬಿಸಿ ಸಾರು, ಬಿಸಿ ಚಹಾ ಕುಡಿದರೆ ರಕ್ತನಾಳ ಹಿಗ್ಗಿ ಮತ್ತೆ ರಕ್ತ ಬರಬಹುದು. ಮದ್ಯವೂ ಬೇಡ.

ಎರಡನೆಯ ದಿನದಿಂದ ಮೆತ್ತಗೆ ಬೇಯಿಸಿದ ಹೆಸರುಬೇಳೆ ಪೊಂಗಲ್, ಉಪ್ಪಿಟ್ಟು, ಆರಿದ ತೊವ್ವೆ ಅನ್ನ. ಮುದ್ದೆ ಉಣ್ಣುವ ಮನೆಯವರಿಗೆ ಒಂದು ಅನುಕೂಲ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಉಗುರುಬೆಚ್ಚಗಿನ ಮುದ್ದೆ, ಖಾರವಿಲ್ಲದ ಸಾರು ಚೆನ್ನಾಗಿ ಹೊಂದುತ್ತದೆ. ರೊಟ್ಟಿಯವರು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಇನ್ನೊಂದು ಬದಿಯಲ್ಲಿ ಅಗಿಯಲಿ. ಒಂದು ವಾರ ಬಿಡಬೇಕಾದದ್ದು ಚೂರಾಗುವ ಪದಾರ್ಥಗಳನ್ನು: ಚುರುಮುರಿ, ಚಕ್ಕುಲಿ, ಶೇಂಗಾ, ಫರ್ಸಾಣ, ಭೇಲ್. ಒಂದು ಸೇವಿನ ಚೂರು ಕುಳಿಯಲ್ಲಿ ಸಿಕ್ಕಿಕೊಂಡರೆ ನೀವು ನಾಲಿಗೆಯಿಂದ ಕೆದಕದೆ ಇರಲಾರಿರಿ, ಹೆಪ್ಪು ಹಾಳಾಗುವುದು ಆಗಲೇ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ನೋವಿನಿಂದ ಊಟ ಬಿಟ್ಟರೆ ಸಕ್ಕರೆ ಇಳಿದುಬಿಡುತ್ತದೆ. ಅವರಿಗೆ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಗಂಜಿ ಕೊಡಿ.

24 ಗಂಟೆ ಕಳೆದ ಮೇಲೆ ಉಪ್ಪುನೀರು ಒಳ್ಳೆಯದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಿಗೆ ಹಾಕಿಕೊಂಡು ತಲೆಯನ್ನು ಆ ಬದಿಗೆ ವಾಲಿಸಿ, ಹಾಗೆಯೇ ಬಾಯಿ ತೆರೆದು ನೀರು ಬೀಳಲು ಬಿಡಿ. ಗಳಗಳ ಮಾಡಬೇಡಿ, ರಭಸದಿಂದ ಉಗುಳಬೇಡಿ. ದಿನಕ್ಕೆ ನಾಲ್ಕು ಸಲ, ಊಟದ ನಂತರ. ಉಳಿದ ಹಲ್ಲುಗಳನ್ನು ಎಂದಿನಂತೆ ಉಜ್ಜಿ, ಕುಳಿಯ ಹತ್ತಿರ ಮಾತ್ರ ಬ್ರಷ್ ತಾಗಿಸಬೇಡಿ.

*ನೋವಿನ ಮಾತ್ರೆಯಲ್ಲಿ ಎಚ್ಚರ*

ಹೃದಯದ ಮಾತ್ರೆ ತಿನ್ನುವವರಿಗೆ ಪ್ಯಾರಾಸಿಟಮಾಲ್ ಸಾಕು. ದೊಡ್ಡವರಿಗೆ 650 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ಯಕೃತ್ತಿನ ತೊಂದರೆ ಇರುವವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಇರುವ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸಬಹುದು, ಮೂತ್ರಪಿಂಡಕ್ಕೂ ದುರ್ಬಲ ಹೃದಯಕ್ಕೂ ಕಷ್ಟ ಕೊಡುತ್ತವೆ. ಮೆಡಿಕಲ್ ಶಾಪಿನಲ್ಲಿ "ಹಲ್ಲುನೋವಿಗೆ ಒಂದು ಕೊಡಿ" ಎಂದರೆ ಕೈಗೆ ಬರುವುದು ಹೆಚ್ಚಾಗಿ ಇವೇ.

ವಾರ್ಫರಿನ್ ಅಥವಾ ಅಸೆನೊಕೌಮರಾಲ್ ತಿನ್ನುವವರು ಇನ್ನೊಂದು ಹೆಸರು ನೆನಪಿಡಿ: ಮೆಟ್ರೊನಿಡಜೋಲ್. ಹಲ್ಲಿನ ಸೋಂಕಿಗೆ ತುಂಬ ಬರೆದುಕೊಡುವ ಮಾತ್ರೆ ಇದು. ಇದು ರಕ್ತ ತೆಳು ಮಾಡುವ ಮಾತ್ರೆಯ ಶಕ್ತಿಯನ್ನು ಬಹಳ ಹೆಚ್ಚಿಸುತ್ತದೆ. ಮೂರ್ನಾಲ್ಕು ದಿನದಲ್ಲಿ ಎಲ್ಲೆಂದರಲ್ಲಿ ರಕ್ತಸ್ರಾವ ಆಗಬಹುದು. ಚೀಟಿಯಲ್ಲಿ ಈ ಹೆಸರು ಕಂಡರೆ ನುಂಗುವ ಮೊದಲು ನಿಮ್ಮ ಹೃದಯದ ಡಾಕ್ಟರಿಗೆ ಫೋನ್ ಮಾಡಿ.

*ಮೂರನೆಯ ದಿನದ ನೋವು*

ನಮ್ಮ ಹಿರಿಯರ ಕಥೆ ಮುಗಿದಿರಲಿಲ್ಲ. ಬುಧವಾರ ಚೆನ್ನಾಗಿದ್ದರು, ಗುರುವಾರ ನೋವು ಬಹುತೇಕ ಇಳಿದಿತ್ತು. ಶುಕ್ರವಾರ ರಾತ್ರಿ ಮತ್ತೆ ಫೋನ್. "ಕಿವಿವರೆಗೂ ಸೆಳೀತೈತಂತ. ಗುಳಿಗಿ ಕೊಟ್ರೂ ಹತ್ತವಲ್ದು. ಬಾಯಿ ನಾತ ಬರಾಕತ್ತೈತಿ. ಆಂಟಿಬಯಾಟಿಕ್ ತರ್ಲೇನು?"

ಹಲ್ಲು ಕೀಳಿಸಿದ ನೋವಿಗೆ ಒಂದು ನಡೆ ಇದೆ. ಮೊದಲ ದಿನ ಹೆಚ್ಚು, ಆಮೇಲೆ ದಿನದಿಂದ ದಿನಕ್ಕೆ ಕಡಿಮೆ. ಇಳಿಯುತ್ತಾ ಹೋಗುವ ನೋವು ಸರಿಯಾದ ನೋವು. ಇಳಿದು, ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಮತ್ತೆ ಏರುವ ನೋವು ಸರಿಯಾದದ್ದಲ್ಲ. ಕುಳಿಯಿಂದ ಕಿವಿ, ಕಪಾಲದವರೆಗೆ ಸೆಳೆತ, ಮಾತ್ರೆಗೆ ಬಗ್ಗದ ನೋವು, ಬಾಯಲ್ಲಿ ಕೆಟ್ಟ ವಾಸನೆ ಮತ್ತು ರುಚಿ, ಟಾರ್ಚ್ ಹಿಡಿದು ನೋಡಿದರೆ ಕಪ್ಪು ಹೆಪ್ಪು ಇರಬೇಕಾದಲ್ಲಿ ಖಾಲಿ ಗುಂಡಿ, ತಳದಲ್ಲಿ ಬೂದು ಬಣ್ಣದ ಎಲುಬು. ಇದಕ್ಕೆ ಡ್ರೈ ಸಾಕೆಟ್ ಎನ್ನುತ್ತಾರೆ. ಹೆಪ್ಪು ಕಳಚಿ ಅಥವಾ ಕರಗಿ ಹೋಗಿ, ಹೊದಿಕೆಯಿಲ್ಲದ ಎಲುಬಿಗೆ ಗಾಳಿ, ನೀರು, ಅನ್ನ ತಾಗುತ್ತಿರುತ್ತದೆ.

ಕೆಳದವಡೆಯ ಹಿಂದಿನ ಹಲ್ಲು, ಅದರಲ್ಲೂ ಬುದ್ಧಿಹಲ್ಲು ಕೀಳಿಸಿದಾಗ, ಕಷ್ಟಪಟ್ಟು ಕಿತ್ತಾಗ, ಬೀಡಿ ಸಿಗರೇಟು ಸೇದುವವರಲ್ಲಿ, ಗರ್ಭನಿರೋಧಕ ಮಾತ್ರೆ ತಿನ್ನುವ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಇವರು ಸೇದುವವರಲ್ಲ. ಹಾಗಾದರೆ ಏನು ಎಂದು ಒತ್ತಿ ಕೇಳಿದಾಗ ಗೊತ್ತಾಯಿತು. ಗುರುವಾರ ನೋವು ಇಳಿದ ಖುಷಿಗೆ ಊಟವಾದ ಮೇಲೆ ಎಲೆ ಅಡಿಕೆ ತಂಬಾಕು ಹಾಕಿ, ನಾಲ್ಕು ಸಲ ಬಾಲ್ಕನಿಯಿಂದ ಉಗುಳಿದ್ದರು. ತಂಬಾಕು ಗಾಯಕ್ಕೆ ಕೆಡುಕು, ಉಗುಳಿದ ರಭಸ ಹೆಪ್ಪಿಗೆ ಕೆಡುಕು. ಗುಟ್ಕಾ, ಮಿಶ್ರಿ ಉಜ್ಜುವುದು, ಬೀಡಿ, ಎಲ್ಲಕ್ಕೂ ಇದೇ ಮಾತು. ಕನಿಷ್ಠ ಮೂರು ದಿನ, ಸಾಧ್ಯವಾದರೆ ಒಂದು ವಾರ ದೂರವಿಡಿ.

ಡ್ರೈ ಸಾಕೆಟ್ ಕೀವಿನ ಕಾಯಿಲೆಯಲ್ಲ, ಆದ್ದರಿಂದ ಆಂಟಿಬಯಾಟಿಕ್ ನುಂಗಿದರೆ ಆ ನೋವು ಹೋಗುವುದಿಲ್ಲ. ಹಲ್ಲಿನ ಡಾಕ್ಟರೇ ನೋಡಬೇಕು. ಶನಿವಾರ ಬೆಳಿಗ್ಗೆ ಹೋದರು. ಡಾಕ್ಟರು ಕುಳಿಯನ್ನು ಲವಣದ್ರಾವಣದಿಂದ ತೊಳೆದು, ಲವಂಗದ ಎಣ್ಣೆಯ ಅಂಶವಿರುವ ಔಷಧದ ಪಟ್ಟಿ ಇಟ್ಟರು. ಮನೆಗೆ ಬರುವಷ್ಟರಲ್ಲಿ ನೋವು ಅರ್ಧಕ್ಕಿಳಿದಿತ್ತು. ಸೋಮವಾರ ಪಟ್ಟಿ ಬದಲಿಸಿದರು. ಮತ್ತೊಂದು ವಾರದಲ್ಲಿ ಗುಣವಾಯಿತು. ಹಾಗೆಂದು ಮನೆಯಲ್ಲಿ ಲವಂಗ ಜಜ್ಜಿ ಕುಳಿಗೆ ತುಂಬಬೇಡಿ. ಒಸಡು ಸುಟ್ಟುಹೋಗುತ್ತದೆ, ಚೂರುಗಳು ಒಳಗೇ ಉಳಿಯುತ್ತವೆ.

ಜ್ವರ, ದಿನೇ ದಿನೇ ಹೆಚ್ಚುವ ಊತ, ಕೀವು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ ಇದ್ದರೆ ಅದು ಸೋಂಕು. ಅದೇ ದಿನ ತೋರಿಸಿ, ಉಸಿರಿಗೂ ಕಷ್ಟವಾದರೆ ನೇರವಾಗಿ ತುರ್ತು ವಿಭಾಗಕ್ಕೆ.

ಕೊನೆಗೆ ಹೃದಯದ ಡಾಕ್ಟರಾಗಿ ಒಂದು ಮಾತು. ದವಡೆ ನೋವೆಲ್ಲ ಹಲ್ಲಿನದೇ ಎಂದುಕೊಳ್ಳಬೇಡಿ. ಮೆಟ್ಟಿಲು ಹತ್ತಿದಾಗ ಬಂದು ಕೂತಾಗ ಕಡಿಮೆಯಾಗುವ ದವಡೆ ನೋವು, ಅಥವಾ ಎದೆ ಬಿಗಿತ, ಬೆವರು, ಏದುಸಿರಿನ ಜೊತೆ ಬರುವ ದವಡೆ ನೋವು ಹೃದಯದ್ದಾಗಿರಬಹುದು. ಆಗ ಹಲ್ಲಿನ ಕ್ಲಿನಿಕ್‌ಗೆ ಹೋಗದೆ, ನೇರವಾಗಿ ಇಸಿಜಿ ಮಾಡುವ ಆಸ್ಪತ್ರೆಗೆ ಹೋಗಿ.

ಊರಿನಲ್ಲಿದ್ದರೆ ಮನೆ ತುಂಬ ಹೇಳುವವರು ಇರುತ್ತಾರೆ. ಇಲ್ಲಿ ರಾತ್ರಿ 9 ಗಂಟೆಗೆ ಮಗ ಆಫೀಸಿನಿಂದ ಬಂದಿರುವುದಿಲ್ಲ, ಮಾವ ಮತ್ತು ಸೊಸೆ ಇಬ್ಬರೇ ಇರುತ್ತಾರೆ. ಆ ಹೊತ್ತಿಗೆ ಇಷ್ಟು ನೆನಪಿದ್ದರೆ ಸಾಕು: ಮುಕ್ಕಳಿಸಬೇಡಿ, ಉಗುಳಬೇಡಿ, ಬಟ್ಟೆ ಮಡಚಿ ಕಚ್ಚಿ, ಗಡಿಯಾರ ನೋಡಿ 30 ನಿಮಿಷ. ಮೂರನೆಯ ದಿನ ನೋವು ಮತ್ತೆ ಏರಿದರೆ ಮೆಡಿಕಲ್ ಶಾಪಿಗಲ್ಲ, ಹಲ್ಲಿನ ಡಾಕ್ಟರ ಹತ್ತಿರ.

ಮನೆಯಲ್ಲಿ ರಕ್ತ ತೆಳು ಮಾಡುವ ಮಾತ್ರೆ ತಿನ್ನುವ ಹಿರಿಯರಿದ್ದರೆ ಇದನ್ನು ಅವರಿಗೆ ಓದಿ ಹೇಳಿ, ಮನೆಯ ಗುಂಪಿಗೂ ಕಳಿಸಿ.